ಒಬ್ಬ ಗ್ರಾಹಕಿಗೆ 300 ರೂಪಾಯಿ ಜಾಹೀರಾತು ಖರ್ಚು: ಲಾಭವೋ ನಷ್ಟವೋ?

ಪ್ರಶ್ನೆ: ಆನ್‌ಲೈನ್‌ನಲ್ಲಿ 900 ರೂಪಾಯಿಯ ಕುರ್ತಿ ಮಾರುತ್ತೇನೆ. ತಿಂಗಳಿಗೆ 18,000 ಜಾಹೀರಾತಿಗೆ ಹಾಕಿದರೆ 60 ಹೊಸ ಆರ್ಡರ್. ತಲೆಗೆ 300 ಬಿತ್ತು. ಇದು ಗಿಟ್ಟುತ್ತಾ?

ಉತ್ತರ: ಮೊದಲು ಆ 300 ಸರಿಯಾ ನೋಡಿ. ಕ್ಯಾಶ್ ಆನ್ ಡೆಲಿವರಿಯಲ್ಲಿ ಒಂದಷ್ಟು ಪಾರ್ಸೆಲ್ ವಾಪಸ್ ಬಂದೇ ಬರುತ್ತವೆ, ಅಲ್ವಾ? 12 ವಾಪಸ್ ಬಂದವು ಅಂತಿಟ್ಟುಕೊಳ್ಳಿ. ಅವುಗಳ ಕೊರಿಯರ್‌ಗೆ ತಲಾ 100ರಂತೆ 1,200 ಹೋಯಿತು. ಈಗ 19,200 ರೂಪಾಯಿಗೆ ಸಿಕ್ಕವರು 48 ಜನ. ತಲೆಗೆ 400.

ಇನ್ನು ಆದಾಯ. 900 ಪೂರ್ತಿ ನಿಮ್ಮದಲ್ಲ. ಬಟ್ಟೆ, ಹೊಲಿಗೆಗೆ 480, ಕೊರಿಯರ್, ಪ್ಯಾಕಿಂಗ್‌ಗೆ 110 ಕಳೆದರೆ ಕೈಯಲ್ಲಿ ಉಳಿಯುವುದು 310. ಅಂದರೆ ಮೊದಲ ಆರ್ಡರ್‌ನಲ್ಲೇ 90 ಲಾಸ್.

ಹಾಗಾಗಿ ಅವರು ಮತ್ತೆ ಬರುತ್ತಾರಾ ಅನ್ನೋದೇ ಮುಖ್ಯ. ಹೋದ ವರ್ಷ ಇದೇ ತಿಂಗಳಲ್ಲಿ ಮೊದಲ ಸಲ ಕೊಂಡವರನ್ನು ಫೋನ್ ನಂಬರ್ ಹಿಡಿದು ಹುಡುಕಿ. 40 ಜನ ವರ್ಷದಲ್ಲಿ 60 ಆರ್ಡರ್ ಮಾಡಿದ್ದರೆ ತಲೆಗೆ ಒಂದೂವರೆ. ವರ್ಷದ ಗಳಿಕೆ 465.

400 ಹಾಕಿ 465 ಬಂದರೆ ನಿಮ್ಮ ದುಡಿಮೆಗೆ, ಉಳಿದ ಸ್ಟಾಕಿಗೆ ಹೆಚ್ಚೇನೂ ಮಿಗೋದಿಲ್ಲ. ಸಾಮಾನ್ಯವಾಗಿ ಮೂರು ಪಟ್ಟು ಬರಬೇಕು ಅಂತಾರೆ. ಸಣ್ಣ ಅಂಗಡಿಗೆ ಎರಡು ಪಟ್ಟಾದರೂ ನಾನು ಒಪ್ಪುತ್ತೇನೆ. ಜಾಹೀರಾತು ಜಾಸ್ತಿ ಮಾಡುವ ಮೊದಲು ಆ ವಾಪಸ್ ಪಾರ್ಸೆಲ್‌ಗಳನ್ನು ಕಡಿಮೆ ಮಾಡಿ: ಕಳಿಸುವ ಮುಂಚೆ ಫೋನ್ ಮಾಡಿ ಸೈಜ್ ಕೇಳಿ. ದೀಪಾವಳಿ ತಿಂಗಳ ಗ್ರಾಹಕರ ಲೆಕ್ಕ ಮಾತ್ರ ಬೇರೆಯೇ ಇಡಿ. ಅವರಲ್ಲಿ ಸುಮಾರು ಜನ ಮುಂದಿನ ಹಬ್ಬಕ್ಕೇ ಬರೋದು.