ಇಮೇಲ್ ಕೈಗೆ ಬಾರದೆ ಫೇಸ್‌ಬುಕ್ ಪುಟಕ್ಕೆ ಕೈ ಹಾಕಬೇಡಿ

ಪ್ರಶ್ನೆ (ನಮ್ಮ ಗುಂಪಿನ ಚಿಂತಾಮಣಿ ಕಡೆಯ ಸದಸ್ಯರಿಂದ): "ನಿನ್ನೆಯಿಂದ ನನ್ನ ಜಿಮೇಲ್ ಓಪನ್ ಆಗ್ತಿಲ್ಲ, ಪಾಸ್‌ವರ್ಡ್ ಬದಲಾಗಿದೆ ಅಂತ ತೋರಿಸ್ತಿದೆ. ನಮ್ಮ ನರ್ಸರಿಯ ಫೇಸ್‌ಬುಕ್ ಪುಟದಲ್ಲಿ ಯಾರೋ ಹಳೇ ಟ್ರ್ಯಾಕ್ಟರ್ ಮಾರಾಟಕ್ಕಿದೆ ಅಂತ ಹಾಕಿ ಅಡ್ವಾನ್ಸ್ ಕೇಳ್ತಿದ್ದಾರೆ. ಗಿರಾಕಿಗಳು ಫೋನ್ ಮಾಡ್ತಿದ್ದಾರೆ. ಮೊದಲು ಪುಟ ಉಳಿಸಿಕೊಳ್ಳೋದು ಹೇಗೆ ಹೇಳಿ."

ಉತ್ತರ:

ಪುಟವನ್ನು ಸದ್ಯಕ್ಕೆ ಬದಿಗಿಟ್ಟು ಮೊದಲು ಜಿಮೇಲ್ ಖಾತೆಯನ್ನು ವಾಪಸ್ಸು ಪಡೆಯಿರಿ. ಈ ಪ್ರಶ್ನೆಗೆ ಗುಂಪಿನಲ್ಲಿ ಗೌರಿಬಿದನೂರಿನ ಸದಸ್ಯರು ಫೇಸ್‌ಬುಕ್‌ನಲ್ಲಿ ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿ, ಮೊಬೈಲಿಗೆ ಬರುವ ಓಟಿಪಿ ಹಾಕಿ ಒಳಗೆ ಹೋಗಿ ಎಂದಿದ್ದಾರೆ. ಅವರ ಮಾತು ಅರ್ಧ ಸರಿ. ಹಾಗೆ ಒಳಗೆ ಹೋಗಬಹುದು, ಆದರೆ ಅಲ್ಲಿ ನಿಲ್ಲಲಾಗುವುದಿಲ್ಲ. ನೀವು ಪಾಸ್‌ವರ್ಡ್ ಬದಲಿಸಿದ ಕೂಡಲೇ ಫೇಸ್‌ಬುಕ್ ಆ ಸುದ್ದಿಯನ್ನು ನಿಮ್ಮ ಇಮೇಲಿಗೆ ಕಳಿಸುತ್ತದೆ, ಆ ಇಮೇಲನ್ನು ಈಗ ಓದುತ್ತಿರುವವನು ಕಳ್ಳ. ಅವನೂ ಪಾಸ್‌ವರ್ಡ್ ಮರೆತಿದೆ ಎಂದು ಒತ್ತುತ್ತಾನೆ, ಕೋಡ್ ಅದೇ ಇಮೇಲಿಗೆ ಬರುತ್ತದೆ, ನೀವು ಮತ್ತೆ ಹೊರಗಿರುತ್ತೀರಿ.

ಶ್ರೀನಿವಾಸಪುರದ ಕಡೆ ಮಾವಿನ ಸಸಿ ಮಾರುವ ಪರಿಚಿತರೊಬ್ಬರಿಗೆ ಆದದ್ದು ಇದೇ. ಅವರ ಮಗ ಬೆಳಿಗ್ಗೆ ಫೇಸ್‌ಬುಕ್ ಖಾತೆಯನ್ನು ಬಿಡಿಸಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಹೋಗಿರುತ್ತಿತ್ತು. ನಂತರ ಜಿಮೇಲ್ ಪಾಸ್‌ವರ್ಡನ್ನೂ ಬದಲಿಸಿದರು, ಆದರೂ ಫೇಸ್‌ಬುಕ್ ಮತ್ತೊಮ್ಮೆ ಕೈತಪ್ಪಿತು. ಆಗ ಮನೆಯವರೆಲ್ಲ ಸಿಮ್ ಕಾರ್ಡಿನ ಮೇಲೆ ಅನುಮಾನಪಟ್ಟರು. ನಿಜವಾದ ಕಾರಣ ಜಿಮೇಲ್‌ನ ಸೆಟ್ಟಿಂಗ್‌ನಲ್ಲಿ ಕಳ್ಳ ಬರೆದಿಟ್ಟಿದ್ದ ಒಂದು ಸಾಲು. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ಜಿಮೇಲ್‌ಗೆ ಹೋಗುವ ಮುನ್ನ ನಿಮ್ಮ ಫೋನನ್ನೇ ಒಮ್ಮೆ ನೋಡಿಕೊಳ್ಳಿ. ಪಿಎಂ ಕಿಸಾನ್ ಕಂತು, ಟ್ರಾಫಿಕ್ ಚಲನ್, ಮದುವೆ ಆಮಂತ್ರಣ ಎಂದು ವಾಟ್ಸ್‌ಆಪ್‌ನಲ್ಲಿ ಬಂದ, ಹೆಸರಿನ ಕೊನೆಯಲ್ಲಿ .apk ಎಂದಿರುವ ಫೈಲನ್ನು ಮನೆಯಲ್ಲಿ ಯಾರಾದರೂ ತೆರೆದಿದ್ದಾರೆಯೇ ಎಂದು ಕೇಳಿ. ತೆರೆದಿದ್ದರೆ ನಿಮಗೆ ಬರುವ ಎಸ್ಸೆಮ್ಮೆಸ್‌ಗಳನ್ನು ಆ ಆಪ್ ಕಳ್ಳನಿಗೆ ರವಾನಿಸುತ್ತಿರಬಹುದು, ಆಗ ಓಟಿಪಿಯನ್ನು ನಂಬಿ ಮಾಡುವ ಯಾವ ಕೆಲಸವೂ ನಿಲ್ಲುವುದಿಲ್ಲ. ಅಂತಹ ಆಪ್ ಇದ್ದರೆ ಇಂಟರ್ನೆಟ್ ಆಫ್ ಮಾಡಿ ಅದನ್ನು ತೆಗೆದುಹಾಕಿ, ಸಿಮ್ಮನ್ನು ಮನೆಯ ಬೇರೊಂದು ಫೋನಿಗೆ ಹಾಕಿಕೊಂಡು ಮುಂದಿನ ಕೆಲಸ ಮಾಡಿ. ಕರೆಗಳು ಬೇರೆಲ್ಲಿಗಾದರೂ ತಿರುಗುತ್ತಿವೆಯೇ ಎಂದು ತಿಳಿಯಲು *#21# ಡಯಲ್ ಮಾಡಿ. ತಿರುಗುತ್ತಿದ್ದರೆ ##002# ಹಾಕಿದಾಗ ರದ್ದಾಗುತ್ತದೆ.

ಮಾಲೂರಿನ ಸದಸ್ಯರು ಫೋನನ್ನೇ ಫ್ಯಾಕ್ಟರಿ ರೀಸೆಟ್ ಮಾಡಲು ಹೇಳಿದ್ದಾರೆ. ದಯವಿಟ್ಟು ಈಗ ಹಾಗೆ ಮಾಡಬೇಡಿ. ಖಾತೆ ನಿಮ್ಮದೇ ಎಂದು ಗೂಗಲ್ ಗುರುತಿಸುವುದಕ್ಕೆ ನೀವು ಬಹುಕಾಲದಿಂದ ಬಳಸುತ್ತಿರುವ ಫೋನ್ ಒಂದು ದೊಡ್ಡ ಆಧಾರ. ಅದನ್ನು ಅಳಿಸಿದರೆ ಆ ಗುರುತೂ ಹೋಗುತ್ತದೆ. ಅಷ್ಟೇ ಅಲ್ಲದೆ, ಸ್ಕ್ರೀನ್ ಲಾಕ್ ಇಟ್ಟಿದ್ದ ಆಂಡ್ರಾಯ್ಡ್ ಫೋನನ್ನು ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ, ಅದು ಮತ್ತೆ ಶುರುವಾಗುವಾಗ ಹಿಂದಿನ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳಬಹುದು. ಆ ಪಾಸ್‌ವರ್ಡ್ ಈಗ ನಿಮ್ಮ ಬಳಿ ಇಲ್ಲ. ಖಾತೆಯನ್ನು ಫೋನಿನಿಂದ ರಿಮೂವ್ ಮಾಡುವುದೂ ಬೇಡ. ಅನುಮಾನವಿರುವ ಫೋನನ್ನು ಅಳಿಸುವುದಾದರೆ ಖಾತೆ ಕೈಗೆ ಬಂದ ಮೇಲೆ ಅಳಿಸಿ.

ಈಗ g.co/recover ತೆರೆಯಿರಿ. ಇದನ್ನು ಮನೆಯಲ್ಲಿಯೇ ಕುಳಿತು, ದಿನವೂ ಬಳಸುವ ವೈಫೈ ಅಥವಾ ಅದೇ ಸಿಮ್ಮಿನ ಡೇಟಾದಲ್ಲಿ, .apk ತೊಂದರೆ ಇಲ್ಲದಿದ್ದರೆ ದಿನವೂ ಬಳಸುವ ಫೋನಿನ ಬ್ರೌಸರ್‌ನಲ್ಲಿಯೇ ಮಾಡಬೇಕು. ನಮ್ಮಲ್ಲಿ ಹೆಚ್ಚಿನವರು ಇಂಥದ್ದಕ್ಕೆಲ್ಲ ಬಸ್ ನಿಲ್ದಾಣದ ಬಳಿಯ ಸೈಬರ್ ಅಂಗಡಿಗೆ ಓಡುತ್ತಾರೆ, ಗೂಗಲ್‌ನ ಕಣ್ಣಿಗೆ ಅಪರಿಚಿತ ಕಂಪ್ಯೂಟರಿನಿಂದ ಬಂದ ನೀವೂ ಕಳ್ಳನಂತೆಯೇ ಕಾಣುತ್ತೀರಿ. ನೆನಪಿರುವ ಕೊನೆಯ ಪಾಸ್‌ವರ್ಡ್ ಕೇಳಿದಾಗ ಹಳೆಯದಾದರೂ ಸರಿ, ಬರೆಯಿರಿ. ಪ್ರಶ್ನೆಯನ್ನು ಖಾಲಿ ಬಿಟ್ಟು ಮುಂದೆ ಹೋಗುವುದಕ್ಕಿಂತ ಅದು ಉತ್ತಮ. ಕೆಲವೊಮ್ಮೆ ಗೂಗಲ್ ತಕ್ಷಣ ಉತ್ತರ ಕೊಡದೆ ಕೆಲವು ಗಂಟೆ ಅಥವಾ ಕೆಲವು ದಿನ ಕಾಯಿಸುತ್ತದೆ, ಆಗ ಗಾಬರಿಯಿಂದ ಮತ್ತೆ ಮತ್ತೆ ಪ್ರಯತ್ನಿಸಬೇಡಿ.

ಕಳ್ಳ ನಿಮ್ಮ ರಿಕವರಿ ಮೊಬೈಲ್ ಸಂಖ್ಯೆಯನ್ನು ಈಗಾಗಲೇ ಬದಲಿಸಿರಬಹುದು. ಬದಲಾದ ನಂತರವೂ 7 ದಿನಗಳವರೆಗೆ ಹಳೆಯ ಸಂಖ್ಯೆ ಅಥವಾ ಹಳೆಯ ರಿಕವರಿ ಇಮೇಲನ್ನು ಬಳಸಿ ಖಾತೆಯನ್ನು ಹಿಂಪಡೆಯಲು ಗೂಗಲ್ ಅವಕಾಶ ಕೊಡುತ್ತದೆ. ನಿಮ್ಮದು ನಿನ್ನೆಯ ಘಟನೆಯಾದ್ದರಿಂದ ಈ ಅವಕಾಶ ಇನ್ನೂ ಇರಬೇಕು, ಪುಟದ ಹಿಂದೆ ಓಡಾಡಿ ಅದನ್ನು ಕಳೆದುಕೊಳ್ಳಬೇಡಿ ಎನ್ನುವುದು ಇದಕ್ಕೇ. ಇಲ್ಲಿ ಒಂದು ತೊಡಕು ಇರಬಹುದು. ನಮ್ಮ ಕಡೆ ಎಷ್ಟೋ ಜನರ ಜಿಮೇಲನ್ನು ಫೋನ್ ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗನೇ ಮಾಡಿಕೊಟ್ಟಿರುತ್ತಾನೆ, ರಿಕವರಿ ಸಂಖ್ಯೆಯೂ ಅವನದೇ ಆಗಿರುತ್ತದೆ. ಪರದೆಯಲ್ಲಿ ಕಾಣುವ ಸಂಖ್ಯೆಯ ಕೊನೆಯ ಎರಡು ಅಂಕಿ ನಿಮ್ಮದಲ್ಲದಿದ್ದರೆ, ಅದು ಕಳ್ಳನದೇ ಎಂದು ತೀರ್ಮಾನಿಸುವ ಮುನ್ನ ಅಂಗಡಿಯವರನ್ನು ಒಮ್ಮೆ ಕೇಳಿ ನೋಡಿ. ಹಣ ಕೊಟ್ಟರೆ ಗೂಗಲ್ ಖಾತೆ ಬಿಡಿಸಿಕೊಡುತ್ತೇವೆ ಎಂದು ಈ ಗುಂಪಿನಲ್ಲೇ ಯಾರಾದರೂ ಇನ್‌ಬಾಕ್ಸ್‌ಗೆ ಬಂದರೆ ಉತ್ತರಿಸಬೇಡಿ.

ಖಾತೆ ತೆರೆದುಕೊಂಡಿತೆಂದು ತಿಳಿಯೋಣ. ಹೊಸ ಪಾಸ್‌ವರ್ಡ್ ಇಟ್ಟ ಮೇಲೆ myaccount.google.com/security ಪುಟಕ್ಕೆ ಹೋಗಿ, ಯಾವ ಯಾವ ಫೋನು, ಕಂಪ್ಯೂಟರಿನಲ್ಲಿ ಖಾತೆ ತೆರೆದಿದೆ ಎಂಬ ಪಟ್ಟಿಯನ್ನು ನೋಡಿ, ನಿಮ್ಮದಲ್ಲದ್ದನ್ನು ಸೈನ್ ಔಟ್ ಮಾಡಿ. ಪಾಸ್‌ವರ್ಡ್ ಬದಲಿಸಿದರೆ ಹೆಚ್ಚಿನ ಸಾಧನಗಳು ತಾವಾಗಿ ಹೊರಬೀಳುತ್ತವೆ, ಎಲ್ಲವೂ ಅಲ್ಲ. ರಿಕವರಿ ಸಂಖ್ಯೆ ಮತ್ತು ರಿಕವರಿ ಇಮೇಲನ್ನು ನಿಮ್ಮದಕ್ಕೆ ತಿರುಗಿಸಿ, ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ, ಅಲ್ಲಿ ಕಳ್ಳ ಸೇರಿಸಿರಬಹುದಾದ ಸಂಖ್ಯೆ, ಪಾಸ್‌ವರ್ಡ್ ಬದಲು ಬಳಸುವ ಪಾಸ್‌ಕೀ ಅಥವಾ ಲಾಗಿನ್ ಕೋಡ್ ತೋರಿಸುವ ಅಥೆಂಟಿಕೇಟರ್ ಆಪ್ ಇದ್ದರೆ ತೆಗೆಯಿರಿ. ಬ್ಯಾಕಪ್ ಕೋಡ್‌ಗಳನ್ನು ಹೊಸದಾಗಿ ಪಡೆದು ಕಾಗದದಲ್ಲಿ ಬರೆದು ಪಾಸ್‌ಬುಕ್ ಜೊತೆ ಇಡಿ.

ಹೆಚ್ಚಿನವರು ಇಲ್ಲಿಗೆ ನಿಲ್ಲುತ್ತಾರೆ, ಶ್ರೀನಿವಾಸಪುರದವರೂ ಇಲ್ಲಿಯೇ ನಿಂತಿದ್ದರು. ಜಿಮೇಲ್ ಒಳಗೆ ಫಿಲ್ಟರ್ ಎಂಬ ವ್ಯವಸ್ಥೆ ಇದೆ, ಇಂಥವರಿಂದ ಬಂದ ಪತ್ರವನ್ನು ಹೀಗೆ ಮಾಡು ಎಂದು ಮೊದಲೇ ಹೇಳಿಡಬಹುದು. ಅದು ಫೋನಿನ ಜಿಮೇಲ್ ಆಪ್‌ನಲ್ಲಿ ಕಾಣುವುದೇ ಇಲ್ಲ. ನಂಬಿಕೆಯಿರುವ ಮನೆಯ ಕಂಪ್ಯೂಟರಿನಲ್ಲಿ mail.google.com ತೆರೆದು, ಮೇಲಿನ ಚಕ್ರದ ಗುರುತನ್ನು ಒತ್ತಿ, See all settings ಎಂಬಲ್ಲಿಗೆ ಹೋಗಿ, Filters and Blocked Addresses ಎಂಬ ಭಾಗವನ್ನು ನೋಡಬೇಕು. ಅವರ ಖಾತೆಯಲ್ಲಿ ಕಂಡದ್ದು ಹೀಗಿತ್ತು, ವಿಳಾಸವನ್ನು ಮಾತ್ರ ಬಿಟ್ಟಿದ್ದೇನೆ:

```
Matches: from:(facebookmail.com)
Do this: Forward to ..., Delete it
```

ಫೇಸ್‌ಬುಕ್‌ನಿಂದ ಬಂದ ಪ್ರತಿಯೊಂದು ಪತ್ರದ ನಕಲು ಕಳ್ಳನ ವಿಳಾಸಕ್ಕೆ ಹೋಗಿ, ಮೂಲ ಪತ್ರ ನೇರವಾಗಿ ಕಸದ ಬುಟ್ಟಿಗೆ ಬೀಳುತ್ತಿತ್ತು. ಹೀಗಾಗಿ ಅವರ ಇನ್‌ಬಾಕ್ಸ್‌ನಲ್ಲಿ ಯಾವ ಎಚ್ಚರಿಕೆಯೂ ಕಾಣುತ್ತಿರಲಿಲ್ಲ. ಪಾಸ್‌ವರ್ಡ್ ಬದಲಿಸಿದರೆ ಫಿಲ್ಟರ್ ಅಳಿಯುವುದಿಲ್ಲ, ಆದ್ದರಿಂದ ಜಿಮೇಲ್‌ನಿಂದ ಹೊರಬಿದ್ದ ಮೇಲೂ ಕಳ್ಳನಿಗೆ ಕೋಡ್ ತಲುಪುತ್ತಲೇ ಇತ್ತು. ಅಪರಿಚಿತ ಫಿಲ್ಟರ್ ಕಂಡರೆ ಅದರ ಫೋಟೋ ತೆಗೆದುಕೊಂಡು ಅಳಿಸಿ, ಪೊಲೀಸರಿಗೆ ದೂರು ಕೊಡುವಾಗ ಆ ವಿಳಾಸ ಬೇಕಾಗುತ್ತದೆ. ಪಕ್ಕದಲ್ಲಿಯೇ ಇರುವ Forwarding and POP/IMAP ಭಾಗವನ್ನೂ, Accounts and Import ಭಾಗದಲ್ಲಿ Grant access to your account ಎಂಬ ಸಾಲನ್ನೂ ನೋಡಿ. ಅಲ್ಲಿ ನಿಮಗೆ ಗೊತ್ತಿಲ್ಲದ ವಿಳಾಸ ಒಂದೂ ಇರಬಾರದು.

ಇಮೇಲನ್ನು ಮೊದಲು ಹಿಡಿಯುವುದರಿಂದ ಮತ್ತೊಂದು ಲಾಭವಿದೆ. ಜಿಮೇಲ್‌ನ ಹುಡುಕು ಪೆಟ್ಟಿಗೆಯಲ್ಲಿ in:anywhere from:facebookmail.com ಎಂದು ಬರೆದು ನೋಡಿ. ಕಸದ ಬುಟ್ಟಿಗೆ ಹೋದ ಪತ್ರಗಳು 30 ದಿನ ಅಲ್ಲಿಯೇ ಇರುತ್ತವೆ. ಕಳ್ಳ ಫೇಸ್‌ಬುಕ್‌ನ ಇಮೇಲ್ ಅಥವಾ ಪಾಸ್‌ವರ್ಡ್ ಬದಲಿಸಿದಾಗ ಬಂದ ಪತ್ರ ಸಿಕ್ಕರೆ, ಇದನ್ನು ಮಾಡಿದ್ದು ನಾನಲ್ಲ ಎಂದು ಹೇಳುವ ಲಿಂಕ್ ಅದರಲ್ಲಿಯೇ ಇರುತ್ತದೆ. ಅವನು ಬುಟ್ಟಿಯನ್ನೂ ಖಾಲಿ ಮಾಡಿದ್ದರೆ facebook.com/hacked ತೆರೆಯಿರಿ.

ಫೇಸ್‌ಬುಕ್ ಒಳಗೆ ಹೋದ ಮೇಲೆ ಅಕೌಂಟ್ಸ್ ಸೆಂಟರ್‌ನಲ್ಲಿ ಎಲ್ಲೆಲ್ಲಿ ಲಾಗಿನ್ ಆಗಿದೆ ಎಂಬುದನ್ನು ನೋಡಿ ಉಳಿದವನ್ನು ಹೊರಹಾಕಿ, ಕಳ್ಳ ಸೇರಿಸಿದ ಇಮೇಲ್ ಮತ್ತು ಸಂಖ್ಯೆಯನ್ನು ತೆಗೆಯಿರಿ. ನಂತರ ಪುಟ ನಡೆಸುವವರ ಹೆಸರಿರುವ ಪೇಜ್ ಆಕ್ಸೆಸ್‌ನಲ್ಲಿ ಹೊಸಬರು ಸೇರಿದ್ದಾರೆಯೇ ಎಂದು ನೋಡುವುದನ್ನು ಮರೆಯಬೇಡಿ. ಜಾಹೀರಾತಿಗೆ ಕಾರ್ಡ್ ಜೋಡಿಸಿದ್ದರೆ ಅದನ್ನೂ ಪರೀಕ್ಷಿಸಿ. ಇನ್‌ಸ್ಟಾಗ್ರಾಂ ಇದ್ದರೆ ಇದಾದ ಮೇಲೆ instagram.com/hacked. ಕ್ರೋಮ್‌ನಲ್ಲಿ ಪಾಸ್‌ವರ್ಡ್‌ಗಳನ್ನು ಉಳಿಸುವ ಅಭ್ಯಾಸ ನಿಮಗಿದ್ದರೆ passwords.google.com ನಲ್ಲಿರುವ ಎಲ್ಲವನ್ನೂ ಕಳ್ಳ ನೋಡಿದ್ದಾನೆಂದೇ ಭಾವಿಸಿ, ಬ್ಯಾಂಕಿನದರಿಂದ ಆರಂಭಿಸಿ ಒಂದೊಂದಾಗಿ ಬದಲಿಸಿ.

ಪಾವಗಡದ ಹಿರಿಯರು ತಮ್ಮ ವಾಟ್ಸ್‌ಆಪ್ ಹೋದ ಕಥೆಯನ್ನು ಬರೆದು, ಇಮೇಲ್ ಇಲ್ಲದೆಯೇ ಅದು ಮರಳಿ ಬಂತು ಎಂದಿದ್ದಾರೆ. ಅದು ನಿಜ, ಏಕೆಂದರೆ ವಾಟ್ಸ್‌ಆಪ್ ನಿಂತಿರುವುದು ಮೊಬೈಲ್ ಸಂಖ್ಯೆಯ ಮೇಲೆ. ಪ್ರಶ್ನೆ ಕೇಳಿದವರ ತೊಂದರೆ ಬೇರೆ. ಆದರೂ ವಾಟ್ಸ್‌ಆಪ್‌ನ ಎರಡು ಹಂತದ ಪಿನ್ನಿಗೆ ಇದೇ ಜಿಮೇಲನ್ನು ಕೊಟ್ಟಿದ್ದರೆ, ಪಿನ್ ಮರುಹೊಂದಿಸುವ ಲಿಂಕ್ ಕೂಡ ಅಲ್ಲಿಗೇ ಬರುತ್ತದೆ ಎಂಬುದನ್ನು ಗಮನದಲ್ಲಿಡಿ.

ಈ ಕ್ರಮಕ್ಕೆ ಅಡ್ಡಿಯಾಗದಂತೆ ಇಂದೇ ಮಾಡಬಹುದಾದ ಕೆಲಸವೂ ಇದೆ. ಟ್ರ್ಯಾಕ್ಟರ್ ಜಾಹೀರಾತು ನಿಮ್ಮದಲ್ಲ ಎಂದು ವಾಟ್ಸ್‌ಆಪ್ ಸ್ಟೇಟಸ್‌ನಲ್ಲಿ ಹಾಕಿ, ಪರಿಚಿತರಿಂದ ಆ ಪೋಸ್ಟನ್ನು ರಿಪೋರ್ಟ್ ಮಾಡಿಸಿ. ಯಾರಾದರೂ ಈಗಾಗಲೇ ಅಡ್ವಾನ್ಸ್ ಕಳಿಸಿದ್ದರೆ ಅವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಹಣ ಕಳಿಸಿದವರೇ ಮಾಡಿದರೆ ವ್ಯವಹಾರದ ವಿವರ ಅವರ ಬಳಿಯೇ ಇರುತ್ತದೆ. ನಿಮ್ಮ ಕಡೆಯಿಂದ cybercrime.gov.in ನಲ್ಲಿ ಅಥವಾ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ. ಮುಂದೆ ಆ ಗಿರಾಕಿಗಳು ನಿಮ್ಮ ಬಾಗಿಲಿಗೆ ಬಂದರೆ ಆ ದೂರಿನ ಪ್ರತಿ ಬೇಕಾಗುತ್ತದೆ.

ಎಲ್ಲ ಮಾಡಿದರೂ ಜಿಮೇಲ್ ಬರದೇ ಇರುವ ಸಂದರ್ಭ ಉಂಟು. ಕಳ್ಳ ತನ್ನ ಅಥೆಂಟಿಕೇಟರ್ ಹಾಕಿ, ಹಳೆಯ ಸಂಖ್ಯೆಯ ಅವಧಿಯೂ ಮುಗಿದುಹೋದರೆ ಗೂಗಲ್ ಒಪ್ಪದಿರಬಹುದು. ಅಂಥ ಸಂದರ್ಭದಲ್ಲಿ ಮಾತ್ರ ಹೊಸ ಇಮೇಲ್ ಮಾಡಿಕೊಂಡು, facebook.com/hacked ಮೂಲಕ ಗುರುತಿನ ಚೀಟಿ ಕೊಟ್ಟು ಫೇಸ್‌ಬುಕ್ ಕೇಳಬೇಕು, ಸಿಕ್ಕ ಕೂಡಲೇ ಹಳೆಯ ಜಿಮೇಲನ್ನು ಅಲ್ಲಿಂದ ಕಿತ್ತುಹಾಕಬೇಕು. ನಿಮ್ಮದು ಇನ್ನೂ ಆ ಹಂತಕ್ಕೆ ಬಂದಂತಿಲ್ಲ. ಆ .apk ವಿಷಯವೇನಾಯಿತು, g.co/recover ನಲ್ಲಿ ಕಂಡ ಸಂಖ್ಯೆಯ ಕೊನೆಯ ಎರಡು ಅಂಕಿ ನಿಮ್ಮದೇ ಅಲ್ಲವೇ ಎಂಬುದನ್ನು ಮಾತ್ರ ಇಲ್ಲಿ ತಿಳಿಸಿ. ಕೋಡನ್ನು ಮಾತ್ರ ಇಲ್ಲಿ ಹಾಕಬೇಡಿ.