ಬಣ್ಣ ಬಂತು ಸರಿ, ಯಾಕೆ ಬಂತು?

"ಸಂಪಾದಕರಿಗೆ ನಮಸ್ಕಾರ. ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ವಿಶೇಷ ಸ್ಟೇನ್‌ಗಳ ಬಗ್ಗೆ ಲೇಖನ ಕಳಿಸಿದ್ದೇನೆ. ಗ್ಲೈಕೋಜನ್ ಮೆಜೆಂಟಾ, ಅಮಿಲಾಯ್ಡ್ ಕೆಂಪು, ಫಂಗಸ್ ಕಪ್ಪು, ಕಬ್ಬಿಣ ನೀಲಿ. ಈ ನಾಲ್ಕು ನೆನಪಿಟ್ಟರೆ ಯಾರು ಬೇಕಾದರೂ ಸ್ಲೈಡ್ ಓದಬಹುದು ಎಂದು ಬರೆದಿದ್ದೇನೆ. ಪ್ರಕಟಣೆಗೆ ಆಗುತ್ತದಾ? ಮುಲಾಜಿಲ್ಲದೆ ಹೇಳಿ."

ನಮಸ್ಕಾರ. ಈಗಿರುವ ಹಾಗೆ ಆಗುವುದಿಲ್ಲ. ಭಾಷೆಯ ಬಗ್ಗೆ ತಕರಾರಿಲ್ಲ, ತಿದ್ದುವುದೇ ಬೇಡ ಎನ್ನುವಷ್ಟು ಸಲೀಸಾಗಿದೆ. ಆದರೆ ನಿಮ್ಮ ಸ್ಲೈಡಿನಲ್ಲಿ ಬಣ್ಣ ಯಾವತ್ತೂ ಸುಳ್ಳು ಹೇಳುವುದಿಲ್ಲ. ನಿಜವಾದ ಲ್ಯಾಬ್‌ನಲ್ಲಿ ಹಾಗಿಲ್ಲ ಎನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಅಲ್ವಾ?

ಅಮಿಲಾಯ್ಡ್ ನೋಡಿ, ಅಂದರೆ ತಪ್ಪಾಗಿ ಮಡಚಿಕೊಂಡು ಟಿಶ್ಯೂನಲ್ಲಿ ಶೇಖರವಾಗುವ ಪ್ರೋಟೀನ್. "ಕಾಂಗೋ ರೆಡ್ ಹಾಕಿದರೆ ಅಮಿಲಾಯ್ಡ್ ಕೆಂಪಾಗುತ್ತದೆ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾಲ್ಕರಲ್ಲಿ ಹೆಚ್ಚು ಹೇಳಬೇಕಾದದ್ದು ಇರುವುದು ಇಲ್ಲೇ. ಒಂದು ಕೇಸ್ ಹಿಡಿದು ಬರೆಯಿರಿ. ಮೂತ್ರದಲ್ಲಿ ಪ್ರೋಟೀನ್ ಜಾಸ್ತಿ ಹೋಗುತ್ತಿರುವ ರೋಗಿಯ ಕಿಡ್ನಿ ಬಯಾಪ್ಸಿ ಎಂದುಕೊಳ್ಳಿ. ಮಾಮೂಲಿ ಎಚ್ ಅಂಡ್ ಇ ಸ್ಲೈಡಿನಲ್ಲಿ ರಕ್ತ ಸೋಸುವ ಗೊಂಚಲಾದ ಗ್ಲೊಮೆರುಲಸ್ ತುಂಬ ನಸುಗೆಂಪು ವಸ್ತು, ಒಳಗೆ ಎಳೆಯೂ ಇಲ್ಲ, ಜೀವಕೋಶವೂ ಕಡಿಮೆ. ಅಮಿಲಾಯ್ಡ್ ಇರಬಹುದು. ಹಳೆಯ ಡಯಾಬಿಟಿಸ್‌ನಿಂದ ಆದ ಗಂಟೂ ಇರಬಹುದು. ಪಿಎಎಸ್ ಎಂಬ ಸ್ಟೇನ್ ಹಾಕಿದರೆ ಡಯಾಬಿಟಿಸ್ ಗಂಟು ಗಾಢ ಮೆಜೆಂಟಾ ಆಗುತ್ತದೆ, ಅಮಿಲಾಯ್ಡ್ ಪೇಲವವಾಗಿಯೇ ಉಳಿಯುತ್ತದೆ. ಅನುಮಾನ ಹುಟ್ಟುವುದು ಅಲ್ಲಿ. ಆಮೇಲೆ ಕಾಂಗೋ ರೆಡ್.

ಇಲ್ಲಿ ಮೊದಲ ಎಡವಟ್ಟು ಆಗುವುದು ಮೈಕ್ರೋಟೋಮ್‌ನಲ್ಲೇ. ಮಾಮೂಲಿ ಸೆಕ್ಷನ್ 3-4 ಮೈಕ್ರಾನ್ ಕತ್ತರಿಸುತ್ತೀರಿ. ಕಾಂಗೋ ರೆಡ್‌ಗೆ 8ರಿಂದ 10 ಬೇಕು. ತೆಳ್ಳಗಾದರೆ ಸಣ್ಣ ಶೇಖರಣೆ ಕಣ್ಣಿಗೇ ಬೀಳುವುದಿಲ್ಲ. ತೀರಾ ದಪ್ಪಗಾದರೆ ಹಸಿರು ಬರಬೇಕಾದ ಜಾಗದಲ್ಲಿ ಹಳದಿ ಬರುತ್ತದೆ. ಈ ಒಂದು ಮಾತು ನಿಮ್ಮ ಲೇಖನದಲ್ಲಿ ಇದ್ದಿದ್ದರೆ ಬರೆದವರು ಬೆಂಚಿನಲ್ಲಿ ಕೂತು ಕೆಲಸ ಮಾಡಿದವರು ಎಂದು ಓದುಗರಿಗೆ ತಕ್ಷಣ ಗೊತ್ತಾಗುತ್ತಿತ್ತು.

ಕಾಂಗೋ ರೆಡ್ ಅಣು ಉದ್ದಕ್ಕೆ, ಚಪ್ಪಟೆಯಾಗಿದೆ. ಅಮಿಲಾಯ್ಡ್ ನಾರಿನಲ್ಲಿ ಪ್ರೋಟೀನ್ ಮಡಿಕೆ ಮಡಿಕೆಯಾಗಿ ಸಾಲು ಕಟ್ಟಿರುತ್ತದೆ, ಬಣ್ಣದ ಅಣುಗಳು ಆ ಸಾಲಿನ ಗುಂಟ ಒಂದೇ ದಿಕ್ಕಿಗೆ ಕೂರುತ್ತವೆ. ಆದರೆ ಅದೇ ಬಣ್ಣ ಕೊಲ್ಯಾಜನ್‌ಗೂ ಅಂಟಬಲ್ಲದು. ಅದನ್ನು ತಡೆಯಲೆಂದೇ 1962ರಲ್ಲಿ ಪುಶ್ಟ್ಲರ್ ಮತ್ತು ಸಂಗಡಿಗರು ಕ್ಷಾರ ಬೆರೆಸಿದ, ಉಪ್ಪು ತುಂಬಿದ ಆಲ್ಕೋಹಾಲ್ ದ್ರಾವಣದ ವಿಧಾನ ಕೊಟ್ಟರು. ಅಷ್ಟಾದರೂ ಸಾಮಾನ್ಯ ಬೆಳಕಿನಲ್ಲಿ ಕಂಡ ಕಿತ್ತಳೆ ಕೆಂಪನ್ನು ನಂಬಿ ರಿಪೋರ್ಟ್ ಕೊಡುವ ಹಾಗಿಲ್ಲ. ಎರಡು ಪೋಲರೈಸಿಂಗ್ ಫಿಲ್ಟರ್ ಅಡ್ಡಡ್ಡ ಇಟ್ಟು ನೋಡಬೇಕು. ಇಡೀ ಕ್ಷೇತ್ರ ಕತ್ತಲಾಗುತ್ತದೆ. ಆ ಕತ್ತಲಲ್ಲಿ ಅಮಿಲಾಯ್ಡ್ ಹಸಿರು ಸೇಬಿನ ಬಣ್ಣದಲ್ಲಿ ಬೆಳಗುತ್ತದೆ. ಪಕ್ಕದ ಕೊಲ್ಯಾಜನ್ ಕೂಡ ಬೆಳಗುತ್ತದೆ, ಆದರೆ ಬೆಳ್ಳಿಯಂಥ ಬಿಳಿ. ಹೊಸಬರು ಮೋಸ ಹೋಗುವುದು ಈ ಬಿಳಿಗೆ. ಒಂದು ಫಿಲ್ಟರನ್ನು ಸ್ವಲ್ಪ ತಿರುಗಿಸಿದರೆ ಅಮಿಲಾಯ್ಡ್‌ನ ಹಸಿರು ಹಳದಿಗೋ ಕಿತ್ತಳೆಗೋ ಜಾರುತ್ತದೆ. ಅಂದರೆ ನೀವು ಬರೆದ "ಕೆಂಪು" ಅರ್ಧ ಉತ್ತರ, ಉಳಿದರ್ಧ ಹಸಿರಿನಲ್ಲಿದೆ.

ಇಷ್ಟಕ್ಕೂ ಹಸಿರು ಹೇಳುವುದು ಅಮಿಲಾಯ್ಡ್ ಇದೆ ಎಂಬುದನ್ನು ಮಾತ್ರ. ಅದು ಯಾವ ಪ್ರೋಟೀನಿನಿಂದ ಆದದ್ದು ಎಂದು ಹೇಳುವುದಿಲ್ಲ. ಪ್ಲಾಸ್ಮಾ ಕೋಶಗಳು ಸುರಿಸುವ ಲೈಟ್ ಚೈನ್‌ನಿಂದ ಆಗಿದ್ದರೆ ಚಿಕಿತ್ಸೆ ಒಂದು, ಟ್ರಾನ್ಸ್‌ಥೈರೆಟಿನ್‌ನಿಂದ ಆಗಿದ್ದರೆ ಬೇರೆಯೇ. ಅದಕ್ಕೆ ಇಮ್ಯುನೋ ಪರೀಕ್ಷೆ ಅಥವಾ ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕು. ಇದನ್ನೂ ಬರೆಯಿರಿ.

ಕಬ್ಬಿಣದ ಭಾಗದಲ್ಲಿ ಒಂದು ನೇರ ತಪ್ಪಿದೆ. "ಕೆಂಪು ರಕ್ತಕಣದಲ್ಲಿ ಕಬ್ಬಿಣ ಇರುವುದರಿಂದ ಅವೂ ನೀಲಿಯಾಗುತ್ತವೆ" ಎಂದಿದ್ದೀರಿ. ಆಗುವುದಿಲ್ಲ. ಪರ್ಲ್ಸ್ ವಿಧಾನದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಹೀಮೋಸಿಡರಿನ್ ಎಂಬ ಕಬ್ಬಿಣದ ಶೇಖರಣೆಯಿಂದ ಫೆರಿಕ್ ಕಬ್ಬಿಣವನ್ನು ಬಿಡಿಸುತ್ತದೆ, ಅದು ಪೊಟ್ಯಾಸಿಯಂ ಫೆರೋಸಯನೈಡ್ ಜೊತೆ ಸೇರಿ ಪ್ರಷ್ಯನ್ ನೀಲಿಯಾಗುತ್ತದೆ. ಹೀಮೋಗ್ಲೋಬಿನ್ ಒಳಗಿನ ಕಬ್ಬಿಣ ಹೀಮ್ ಉಂಗುರದಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ, ಅಷ್ಟು ಆಮ್ಲಕ್ಕೆ ಬಗ್ಗುವುದಿಲ್ಲ. ಹಾಗಾಗಿ ರಕ್ತಸ್ರಾವ ಆದ ಜಾಗದಲ್ಲಿ ತಾಜಾ ರಕ್ತಕಣಗಳು ನೀಲಿಯಾಗುವುದಿಲ್ಲ, ಹಳೆಯ ರಕ್ತ ನುಂಗಿದ ಮ್ಯಾಕ್ರೋಫೇಜ್‌ಗಳು ಆಗುತ್ತವೆ. ಲಿವರ್‌ನಲ್ಲಿ ಕಂದು ಕಾಳು ಕಂಡಾಗ ಅದು ಹೀಮೋಸಿಡರಿನ್ನೋ ವಯಸ್ಸಿನ ಲಿಪೋಫ್ಯೂಸಿನ್ನೋ ಎಂದು ಬೇರ್ಪಡಿಸುವುದೂ ಇದೇ ಪರೀಕ್ಷೆ. ಲಿಪೋಫ್ಯೂಸಿನ್ ಕಂದಾಗಿಯೇ ಉಳಿಯುತ್ತದೆ. ಇನ್ನೊಂದು ವಿಷಯ: ನೀಲಿ ಚುಕ್ಕೆ ಟಿಶ್ಯೂ ಇಲ್ಲದ ಗಾಜಿನ ಮೇಲೂ ಇದ್ದರೆ, ಅಥವಾ ಟಿಶ್ಯೂಗಿಂತ ಬೇರೆ ಫೋಕಸ್‌ನಲ್ಲಿ ಸಿಕ್ಕರೆ, ಅದು ರೋಗಿಯ ಕಬ್ಬಿಣ ಅಲ್ಲ. ನೀರಿನದ್ದೋ ಪಾತ್ರೆಯ ತುಕ್ಕಿನದ್ದೋ.

ಗ್ಲೈಕೋಜನ್ ಬಗ್ಗೆ ಬರೆದದ್ದು ತಪ್ಪಲ್ಲ, ಆದರೆ ಅರ್ಧಕ್ಕೇ ನಿಂತಿದೆ. ಪಿಎಎಸ್‌ನಲ್ಲಿ ಪರ್‌ಅಯೋಡಿಕ್ ಆಮ್ಲ ಸಕ್ಕರೆ ಸರಪಳಿಯಲ್ಲಿ ಆಲ್ಡಿಹೈಡ್ ಹುಟ್ಟಿಸುತ್ತದೆ, ಶಿಫ್ ದ್ರಾವಣ ಅದಕ್ಕೆ ಅಂಟಿ ಮೆಜೆಂಟಾ ಕೊಡುತ್ತದೆ. ಮ್ಯೂಸಿನ್, ಬೇಸ್‌ಮೆಂಟ್ ಮೆಂಬ್ರೇನ್, ಫಂಗಸ್ ಗೋಡೆ ಎಲ್ಲಕ್ಕೂ ಅದೇ ಬಣ್ಣ ಬರುತ್ತದೆ. ಗ್ಲೈಕೋಜನ್ ಎಂದು ಸಾಬೀತಾಗುವುದು ಬಣ್ಣ ಬಂದಾಗಲ್ಲ, ಹೋದಾಗ. ಅಕ್ಕಪಕ್ಕದ ಎರಡು ಸೆಕ್ಷನ್ ತೆಗೆದು ಒಂದಕ್ಕೆ ಮೊದಲೇ ಡಯಾಸ್ಟೇಸ್ ಹಾಕಿದರೆ ಅದು ಗ್ಲೈಕೋಜನ್ ಅನ್ನು ಜೀರ್ಣಿಸಿಬಿಡುತ್ತದೆ, ಅಲ್ಲಿ ಮೆಜೆಂಟಾ ಇರುವುದಿಲ್ಲ. ಲಿವರ್ ಕೋಶದಲ್ಲಿ ಡಯಾಸ್ಟೇಸ್ ಆದ ಮೇಲೂ ದುಂಡು ಮೆಜೆಂಟಾ ಗೋಲಿಗಳು ಉಳಿದರೆ ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ ಇರಬಹುದೇ ಎಂದು ಯೋಚಿಸಬೇಕಾಗುತ್ತದೆ. ಆದರೆ ಡಯಾಸ್ಟೇಸೇ ಕೆಟ್ಟಿದ್ದರೆ? ಗ್ಲೈಕೋಜನ್ ತುಂಬಿದ ಕಂಟ್ರೋಲ್ ಲಿವರ್ ಸ್ಲೈಡಿನಲ್ಲೂ ಬಣ್ಣ ಹೋಗಿರುವುದಿಲ್ಲ. ಹಾಗಾದ ದಿನ ಆ ಬ್ಯಾಚ್ ಪೂರ್ತಿ ಮತ್ತೆ ಮಾಡಬೇಕು.

ಫಂಗಸ್ ಭಾಗವನ್ನು ಚಿಕ್ಕದಾಗಿಯೇ ಇಡಿ. ಗ್ರೋಕಾಟ್ ವಿಧಾನದಲ್ಲಿ ಕ್ರೋಮಿಕ್ ಆಮ್ಲದಿಂದ ಹುಟ್ಟಿದ ಆಲ್ಡಿಹೈಡ್ ದ್ರಾವಣದ ಬೆಳ್ಳಿಯನ್ನು ಲೋಹದ ಬೆಳ್ಳಿಯಾಗಿಸಿ ಫಂಗಸ್ ಗೋಡೆಯನ್ನು ಕಪ್ಪಾಗಿಸುತ್ತದೆ ಎಂದರೆ ಸಾಕು. ಆದರೆ "ಕಪ್ಪಾದದ್ದೆಲ್ಲ ಫಂಗಸ್" ಎಂಬ ಸಾಲು ತೆಗೆಯಿರಿ. ಬೆಳ್ಳಿ ದ್ರಾವಣದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಇಲಾಸ್ಟಿಕ್ ನಾರು, ರಕ್ತಕಣ, ಕಸ ಎಲ್ಲವೂ ಕಪ್ಪಾಗುತ್ತವೆ. ದುಂಡಗಿನ ಬೆಳ್ಳಿ ಕಣಗಳು ಯೀಸ್ಟ್‌ನಂತೆ ಕಾಣುತ್ತವೆ. ತೀರ್ಪು ಕೊಡುವುದು ಆಕಾರ. ಗೋಡೆ ಇದೆಯಾ, ಮೊಗ್ಗು ಒಡೆಯುತ್ತಿದೆಯಾ, ಎಳೆಗೆ ಅಡ್ಡಗೋಡೆ ಇದೆಯಾ, ಕಿರಿದಾದ ಕೋನದಲ್ಲಿ ಕವಲೊಡೆದಿದೆಯಾ ಎಂದು ನೋಡಬೇಕು.

ಮತ್ತೆ ಕಳಿಸುವಾಗ ಅಮಿಲಾಯ್ಡ್ ಕೇಸನ್ನು ಮುಂದೆ ತನ್ನಿ, ಲೇಖನದ ಅರ್ಧ ಅದಕ್ಕೇ ಹೋದರೂ ಅಡ್ಡಿಯಿಲ್ಲ. ಕಾಂಗೋ ರೆಡ್‌ನ ಒಂದೇ ಜಾಗವನ್ನು ಸಾಮಾನ್ಯ ಬೆಳಕಿನಲ್ಲಿ ಮತ್ತು ಪೋಲರೈಸ್ ಮಾಡಿ ತೆಗೆದ ಎರಡು ಫೋಟೋ ಬೇಕು. ಪಿಎಎಸ್‌ಗೆ ಡಯಾಸ್ಟೇಸ್ ಹಾಕಿದ್ದು, ಹಾಕದ್ದು ಎರಡೂ ಇರಲಿ. ರೋಗಿಯ ಹೆಸರು, ಸ್ಲೈಡ್ ನಂಬರ್ ಫೋಟೋದಲ್ಲಿ ಬರದಂತೆ ನೋಡಿಕೊಳ್ಳಿ. ಈ ಸಲ ಕಳಿಸಿದ್ದರಲ್ಲಿ ಎರಡು ಕಡೆ ನಂಬರ್ ಕಾಣುತ್ತಿದೆ.