ಬಂಗು ಮತ್ತು ವಾಚಿನ ಗುರುತು

ಕೆನ್ನೆ ಕಪ್ಪಾಯಿತೆಂದು ನಿದ್ದೆಗೆಟ್ಟು ನನ್ನ ಹತ್ತಿರ ಬರುವವರ ಕಥೆಗಳಲ್ಲಿ ಮತ್ತೆ ಮತ್ತೆ ಒಂದು ಕ್ರೀಮಿನ ಟ್ಯೂಬ್ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಈ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ 34. ಸ್ಕೂಟರಿನಲ್ಲಿ ಓಡಾಡುವ ಶಿಕ್ಷಕಿ. ಎರಡನೇ ಬಸಿರಿನಲ್ಲಿ ಕೆನ್ನೆ ಕಂದಿತು. ಮನೆಯವರು "ಬಿಸಿಲಿಗೆ ಸುಟ್ಟಿದೆ" ಅಂದರು. ಸುಟ್ಟದ್ದಾದರೆ ತಿಕ್ಕಿ ತೆಗೆಯಬಹುದಲ್ಲ! ನಿಂಬೆರಸ ಆಯಿತು, ಬ್ಲೀಚ್ ಆಯಿತು, ಕೊನೆಗೆ ನಾದಿನಿ ಕೊಟ್ಟ ಕ್ರೀಮ್.

ಎರಡನೇ ಭೇಟಿಯಲ್ಲಿ ನಾನು ವಾಚ್ ಬಿಚ್ಚಲು ಹೇಳಿದೆ. ಪಟ್ಟಿಯ ಕೆಳಗೆ ಚರ್ಮ ತಿಳಿಯಾಗಿತ್ತು, ಅಂಚು ಗೆರೆ ಎಳೆದಂತಿತ್ತು. "ಇದು ಬಿಸಿಲಿನ ಕಪ್ಪು. ಬಿಸಿಲು ಬಿದ್ದಲ್ಲೆಲ್ಲ ಒಂದೇ ಸಮ. ಮುಚ್ಚಿಕೊಂಡರೆ ಕೆಲವು ವಾರ, ತಿಂಗಳಲ್ಲಿ ತಾನೇ ಇಳಿಯುತ್ತೆ. ಈಗ ಕನ್ನಡಿ ನೋಡಿ." ಎರಡೂ ಕೆನ್ನೆಯಲ್ಲಿ, ಮೇಲ್ದುಟಿಯ ಮೇಲೆ, ನಕ್ಷೆಯಂತೆ ಅಂಕುಡೊಂಕಾದ ಕಂದು. ನಡುವೆ ಮಾಮೂಲಿ ಬಣ್ಣ. ಚರ್ಮದ ಡಾಕ್ಟರು ಮೊದಲೇ ಹೇಳಿದ್ದರು, ಇದು ಬಂಗು ಅಂತ. ಹಾರ್ಮೋನು, ಮನೆತನದ ಗುಣ, ಬಿಸಿಲು ಮೂರೂ ಸೇರಿದ್ದು. ಬಿಸಿಲು ಅದನ್ನು ಕೆದಕುತ್ತದೆ, ಆದರೆ ಬಿಸಿಲೊಂದೇ ಕಾರಣವಲ್ಲ. ಮೊಡವೆ ಕಲೆಯಾದರೆ ಮೊಡವೆ ಎದ್ದ ಜಾಗದಲ್ಲೇ ಚುಕ್ಕಿಯಾಗಿ ಉಳಿಯುತ್ತದೆ.

ಆಗ ಆಕೆ ಮೆಲ್ಲಗೆ ಹೇಳಿದ್ದು: "ಮೇಡಂ, ಕ್ರೀಮ್ ಬಿಟ್ಟ ಮೂರನೇ ದಿನಕ್ಕೇ ಮುಖ ಉರಿಯುತ್ತೆ. ಅದಕ್ಕೇ ಬಿಡೋಕಾಗ್ತಿಲ್ಲ."

ಎಷ್ಟು ಕಾಲ? ಎಂಟು ತಿಂಗಳು. ಟ್ಯೂಬಿನ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್ ಎಂದಿತ್ತು. ಕೊನೆಯದು ಸ್ಟಿರಾಯ್ಡ್. ಮೊದಲು ಬೆಳ್ಳಗಾಗಿಸುತ್ತದೆ; ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳದ ಎಳೆಗಳು ಕಾಣುತ್ತವೆ, ಕೆಲವರಿಗೆ ಮುಖದಲ್ಲಿ ಕೂದಲು ಬರುತ್ತದೆ. ಬಿಟ್ಟರೆ ಉರಿ, ಕೆಂಪು. ಇಂಥದ್ದು ಚೀಟಿಯಿಲ್ಲದೆ ಕೈಗೆ ಸಿಗುತ್ತದೆ ಅನ್ನುವುದು ನನ್ನ ಹಳೆಯ ಸಿಟ್ಟು.

ಟ್ಯೂಬ್ ಸಮೇತ ಡಾಕ್ಟರ ಹತ್ತಿರ ವಾಪಸ್ ಕಳಿಸಿದೆ. ಹೇಗೆ ಬಿಡಬೇಕೆಂದು ಅವರೇ ಹೇಳಬೇಕು. ನಿಂಬೆ, ಬ್ಲೀಚ್ ಬಂದ್ ಮಾಡಿಸಿದೆ: ತಿಕ್ಕಿ ಕೆರಳಿದ ಚರ್ಮ ಇನ್ನಷ್ಟು ಕಪ್ಪಾಗುತ್ತದೆ. ಬಣ್ಣವಿರುವ ಸನ್‌ಸ್ಕ್ರೀನ್ ಡಾಕ್ಟರೇ ಬರೆದಿದ್ದರು. ಅದರಲ್ಲಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗು ಅದಕ್ಕೂ ಕೆರಳುತ್ತದೆ. ಆಕೆ ಕಡಲೆಕಾಳಿನಷ್ಟು ಹಚ್ಚುತ್ತಿದ್ದರು. ಎರಡು ಬೆರಳುದ್ದ ಹಿಂಡಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಹಚ್ಚಿ ಅಂದೆ. ಕನ್ನಡಿಯ ಬದಲು ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಲ್ಲಿ ಫೋಟೊ.

"ಪೂರ್ತಿ ಹೋಗುತ್ತಾ?" ಅಂತ ಕೇಳಿದರು. ತಿಳಿಯಾಗಬಹುದು, ಮತ್ತೆ ಬರಲೂಬಹುದು ಅಂದೆ. ಇಷ್ಟು ಕಡ್ಡಿ ಮುರಿದಂತೆ ಹೇಳಬೇಕಿತ್ತಾ ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಹೌದು, ಬೇಕಿತ್ತು. ಹೋಗಿಯೇ ಹೋಗುತ್ತದೆ ಎಂದು ನಂಬಿದವರೇ ಮುಂದಿನ ಟ್ಯೂಬ್ ಕೊಳ್ಳುವುದು.

ನಾಲ್ಕನೇ ಫೋಟೊದಲ್ಲಿ ಕೆಂಪು ಇಳಿದಿತ್ತು. ಮೇಲ್ದುಟಿಯ ಮೇಲಿನ ಕಂದು ಹಾಗೇ ಇತ್ತು.